ಏರಿಳಿತ ನೋಡಿ ಹೂಡಿಕೆ ಅಳೆದದ್ದು: ನನ್ನ ಅನುಭವ

2020ರ ಜನವರಿ 14ರಂದು ನಿಫ್ಟಿ 12,362ಕ್ಕೆ ಮುಗಿದಾಗ ನನ್ನ ಉಳಿತಾಯ 20 ಲಕ್ಷ ರೂಪಾಯಿಯಷ್ಟೂ ನಿಫ್ಟಿ ಬೀಸ್‌ನಲ್ಲಿತ್ತು, ಅಂದರೆ ನಿಫ್ಟಿ ಸೂಚ್ಯಂಕವನ್ನೇ ಹಿಂಬಾಲಿಸುವ, ಷೇರಿನಂತೆ ಕೊಂಡು ಮಾರುವ ಇಟಿಎಫ್ ಎಂಬ ಫಂಡ್‌ನಲ್ಲಿ. ಮಾರ್ಚ್ 23ರ ಸಂಜೆ ನಿಫ್ಟಿ 7,610. ಅದೊಂದೇ ದಿನ ಶೇ 13ರಷ್ಟು ಬಿದ್ದಿತ್ತು. ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು: "ರೀ, ಎಷ್ಟು ಉಳಿದಿದೆ?" ಹನ್ನೆರಡು ಲಕ್ಷದ ಮೇಲೆ ಸ್ವಲ್ಪ ಅಂದೆ. ಮಾರನೇ ದಿನ ಬೆಳಿಗ್ಗೆ ಅರ್ಧ ಮಾರಿದೆ. ಮಾರುಕಟ್ಟೆಯ ತಳ ಅದೇ ಆಗಿತ್ತು ಅಂತ ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ.

ನನ್ನ ತಪ್ಪು ಮಾರಿದ್ದಲ್ಲ, ಮೊದಲೇ ಅಳತೆ ಹಾಕಿಕೊಳ್ಳದೇ ಇದ್ದದ್ದು ಅಂತ ಆಮೇಲೆ ಅನ್ನಿಸಿತು. ಜನವರಿಯಲ್ಲೂ ಮಾರ್ಚ್‌ನಲ್ಲೂ ನನ್ನ ಹೂಡಿಕೆ ಶೇ 100 ಇತ್ತು ನಿಜ. ಆದರೆ ಜನವರಿಯ ಶೇ 100 ಮತ್ತು ಮಾರ್ಚ್‌ನ ಶೇ 100 ಒಂದೇ ಅಲ್ಲ. ಜನವರಿಯಲ್ಲಿ ದಿನಕ್ಕೆ ಶೇ 1ರ ಒಳಗೆ ಆಡುತ್ತಿದ್ದ ಹಣ ಮಾರ್ಚ್‌ನಲ್ಲಿ ದಿನಕ್ಕೆ ಶೇ 4–5 ಆಡುತ್ತಿತ್ತು. ನಾನು ಸುಮ್ಮನೆ ಕೂತಿದ್ದರೂ ನನ್ನ ಮೇಲಿನ ರಿಸ್ಕ್ ನಾಲ್ಕೈದು ಪಟ್ಟು ಆಗಿತ್ತು. ವೊಲಟಿಲಿಟಿ ಟಾರ್ಗೆಟಿಂಗ್ ಇದನ್ನು ತಿರುಗಿಸಿ ಹಾಕುತ್ತದೆ: ರಿಸ್ಕ್ ಎಷ್ಟಿರಬೇಕೆಂದು ಮೊದಲು ನಿಗದಿ ಮಾಡಿ, ಹೂಡಿಕೆಯ ಪಾಲನ್ನು ಅದಕ್ಕೆ ತಕ್ಕಂತೆ ಹಿಗ್ಗಿಸುವುದು, ಕುಗ್ಗಿಸುವುದು.

ಇದು ಸಾಧ್ಯವಾಗುವುದು ಒಂದು ಕಾರಣಕ್ಕೆ. ನಾಳೆ ಮಾರುಕಟ್ಟೆ ಏರುತ್ತದೋ ಬೀಳುತ್ತದೋ ಇವತ್ತಿನ ಬೆಲೆ ನೋಡಿ ಹೇಳಲಾಗದು. ಆದರೆ ನಾಳೆ ಎಷ್ಟು ಅಲುಗಾಡುತ್ತದೆ ಅಂತ ಒಂದು ಮಟ್ಟಕ್ಕೆ ಹೇಳಬಹುದು. ಗಲಾಟೆಯ ದಿನಗಳು ಗುಂಪಾಗಿ ಬರುತ್ತವೆ, ಶಾಂತ ದಿನಗಳೂ ಹಾಗೆಯೇ. ಏರಿಳಿತದ ಈ ಗುಂಪುಗೂಡುವ ಗುಣಕ್ಕೆ 1982ರಲ್ಲಿ ಗಣಿತದ ರೂಪ ಕೊಟ್ಟ ರಾಬರ್ಟ್ ಎಂಗಲ್ ಅವರಿಗೆ 2003ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಮೊದಲು ನಿಗದಿ ಮಾಡಬೇಕಾದದ್ದು ಗುರಿ. ಲಾಭದ ಗುರಿಯಲ್ಲ, ಏರಿಳಿತದ ಗುರಿ. ನಾನು ವರ್ಷಕ್ಕೆ ಶೇ 12 ಇಟ್ಟುಕೊಂಡೆ. ಈ ಸಂಖ್ಯೆಯನ್ನು ತಿಂಗಳಿಗೆ ಇಳಿಸಿದರೆ ಮಾತ್ರ ಮನಸ್ಸಿಗೆ ತಾಕುತ್ತದೆ. 12ನ್ನು 12ರ ವರ್ಗಮೂಲದಿಂದ ಭಾಗಿಸಿದರೆ ಸುಮಾರು 3.5. ಅಂದರೆ 20 ಲಕ್ಷದಲ್ಲಿ ಒಂದು ಸಾಧಾರಣ ತಿಂಗಳಿನ ಆಟ 70 ಸಾವಿರ ರೂಪಾಯಿ, ಕೆಟ್ಟ ತಿಂಗಳಲ್ಲಿ ಅದರ ಎರಡು ಪಟ್ಟು. ಇಷ್ಟು ಹೋದರೆ ರಾತ್ರಿ ನಿದ್ದೆ ಬರುತ್ತದಾ ಅಂತ ನನ್ನನ್ನೇ ಕೇಳಿಕೊಂಡು ಆರಿಸಿದ ಸಂಖ್ಯೆ ಅದು.

ಆಮೇಲೆ ಈಗಿನ ಏರಿಳಿತ ಎಷ್ಟು ಅನ್ನುವ ಲೆಕ್ಕ. ಮೊದಲು ಎಲ್ಲರೂ ಮಾಡುವಂತೆ ಕಳೆದ 20 ವಹಿವಾಟು ದಿನಗಳ ಸರಾಸರಿ ಹಿಡಿದು, 2020ರ ಬೆಲೆಗಳ ಮೇಲೆ ಕಾಗದದಲ್ಲೇ ಓಡಿಸಿ ನೋಡಿದೆ. ಏಪ್ರಿಲ್ 24ಕ್ಕೆ ಬಂದಾಗ ಕೈ ನಿಂತಿತು. ಆ ದಿನ ನಿಫ್ಟಿ ಶೇ 1.7 ಬಿದ್ದಿತ್ತು. ಆದರೆ ನನ್ನ ಲೆಕ್ಕದಲ್ಲಿ ವರ್ಷಕ್ಕೆ ಹಿಗ್ಗಿಸಿದ ಏರಿಳಿತ ಶೇ 72ರಿಂದ 55ಕ್ಕೆ ಇಳಿದು, ಹೂಡಿಕೆ ಹೆಚ್ಚಿಸು ಅಂತ ಹೇಳುತ್ತಿತ್ತು. ಹುಡುಕಿದರೆ, ಮಾರ್ಚ್ 23ರ ಆ ಶೇ 13ರ ಕುಸಿತಕ್ಕೆ ಅವತ್ತು 20 ದಿನ ತುಂಬಿ ಅದು ಕಿಟಕಿಯಿಂದ ಆಚೆ ಬಿದ್ದಿತ್ತು. ಮಾರುಕಟ್ಟೆಯಲ್ಲಿ ಏನೂ ಶಾಂತವಾಗಿರಲಿಲ್ಲ, ನನ್ನ ಅಳತೆಗೋಲು ಮಾತ್ರ ಜಾರಿತ್ತು.

ಅದಕ್ಕೇ ಹಳೆಯ ದಿನಗಳ ತೂಕ ನಿಧಾನವಾಗಿ ಕರಗುವ ವಿಧಾನಕ್ಕೆ ಬದಲಾಯಿಸಿದೆ. ಜೆ.ಪಿ. ಮಾರ್ಗನ್‌ನವರು 1990ರ ದಶಕದಲ್ಲಿ ರಿಸ್ಕ್‌ಮೆಟ್ರಿಕ್ಸ್ ಹೆಸರಿನಲ್ಲಿ ಪ್ರಕಟಿಸಿದ 0.94 ಎಂಬ ಗುಣಾಂಕವನ್ನೇ ಬಳಸುತ್ತೇನೆ. ಇದರಲ್ಲಿ ಸುಮಾರು 11 ವಹಿವಾಟು ದಿನಗಳಿಗೆ ಒಂದು ದಿನದ ತೂಕ ಅರ್ಧವಾಗುತ್ತದೆ, ಯಾವ ದಿನವೂ ದಿಢೀರನೆ ಮಾಯವಾಗುವುದಿಲ್ಲ. ಅದೇ ಏಪ್ರಿಲ್ 24ರಂದು ಈ ಲೆಕ್ಕ ಒಂದೂವರೆ ಅಂಶದಷ್ಟೇ ಇಳಿದಿತ್ತು. ಶೀಟ್‌ನಲ್ಲಿ ಇರುವುದು ಮೂರೇ ಸಾಲು:

```
C3: =0.94*C2+0.06*B3^2
D3: =SQRT(C3*252)
E3: =MIN(1, 12/D3)
```

B ಕಾಲಂನಲ್ಲಿ ಆ ದಿನದ ಏರಿಕೆ ಅಥವಾ ಇಳಿಕೆ ಶೇಕಡಾದಲ್ಲಿ, % ಚಿಹ್ನೆಯಿಲ್ಲದೆ. C ಎಂದರೆ ಅವುಗಳ ವರ್ಗಗಳ ತೂಕದ ಸರಾಸರಿ. D ಎಂದರೆ ವರ್ಷಕ್ಕೆ ಹಿಗ್ಗಿಸಿದ ಏರಿಳಿತ. 252 ಅನ್ನುವುದು ವರ್ಷದ ವಹಿವಾಟು ದಿನಗಳ ರೂಢಿಯ ಎಣಿಕೆ. E ಕಾಲಂ ಹೇಳಿದಷ್ಟು ಪಾಲು ನಿಫ್ಟಿ ಬೀಸ್‌ನಲ್ಲಿ, ಮಿಕ್ಕಿದ್ದು ನಗದಿನಂತೆ ಹೆಚ್ಚು ಅಲುಗಾಡದ ಲಿಕ್ವಿಡ್ ಬೀಸ್‌ನಲ್ಲಿ. ಸಾಲ ಮಾಡಿ ಹೂಡುವುದಿಲ್ಲ, ಆದ್ದರಿಂದ 1ಕ್ಕೆ ಮಿತಿ. ಶುಕ್ರವಾರದ ಮುಕ್ತಾಯದ ಬೆಲೆಯಿಂದ ಲೆಕ್ಕ ಹಾಕಿ ಸೋಮವಾರ ವಹಿವಾಟು ಮಾಡುತ್ತೇನೆ. ಬೇಕಾದ ಪಾಲಿಗೂ ಇರುವ ಪಾಲಿಗೂ 10 ಅಂಶಕ್ಕಿಂತ ಕಡಿಮೆ ಅಂತರವಿದ್ದರೆ ಮುಟ್ಟುವುದಿಲ್ಲ. ಈ ಕೊನೆಯ ನಿಯಮ ಇಲ್ಲದಿದ್ದರೆ ವಾರವಾರವೂ ಚಿಲ್ಲರೆ ಮಾರಾಟ ಮಾಡಿ, ತೆರಿಗೆಯ ಲೆಕ್ಕವನ್ನು ಸಿಕ್ಕು ಮಾಡಿಕೊಳ್ಳುವುದಷ್ಟೇ ಆಗುತ್ತದೆ.

ಈ ನಿಯಮಗಳನ್ನು 2020ರ ಮೇಲೆ ಮತ್ತೆ ಓಡಿಸಿದೆ. ಫೆಬ್ರವರಿ 20ರಂದು ನಿಫ್ಟಿ 12,081, ಲೆಕ್ಕದ ಏರಿಳಿತ 15ರ ಆಸುಪಾಸು, ಹೂಡಿಕೆ ಶೇ 80. ಫೆಬ್ರವರಿ 28ರ ಶುಕ್ರವಾರ ಶೇ 3.7ರ ಕುಸಿತವಾಗಿ ಏರಿಳಿತ 21ಕ್ಕೆ ಏರಿತು, ಸೋಮವಾರ ಪಾಲು 57ಕ್ಕೆ ಇಳಿಯಿತು. ಮಾರ್ಚ್ 13ಕ್ಕೆ ಏರಿಳಿತ 43, ಮುಂದಿನ ಸೋಮವಾರ ಪಾಲು 28. ಅಂದರೆ ಮಾರ್ಚ್ 23 ಬಂದಾಗ ನಿಫ್ಟಿಯಲ್ಲಿ ಇದ್ದದ್ದು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಫೆಬ್ರವರಿ 20ರಿಂದ ಅವತ್ತಿನವರೆಗೆ ನಿಫ್ಟಿ ಶೇ 37 ಬಿದ್ದಿದ್ದರೆ, ಕಾಗದದ ಮೇಲಿನ ಈ ಖಾತೆ ಸುಮಾರು ಶೇ 20 ಬಿದ್ದಿತ್ತು.

ಇಲ್ಲಿಗೇ ನಿಲ್ಲಿಸಿದ್ದರೆ ನನಗೇ ಮೋಸ ಮಾಡಿಕೊಂಡಂತೆ. ಏಪ್ರಿಲ್ 30ರವರೆಗೂ ಎಳೆದೆ. ನಿಫ್ಟಿ 7,610ರಿಂದ 9,860ಕ್ಕೆ ಹೋಯಿತು, ಹತ್ತಿರ ಶೇ 30ರ ಏರಿಕೆ. ಮೇಲಕ್ಕೆ ಜಿಗಿಯುವುದೂ ಏರಿಳಿತವೇ ಆದ್ದರಿಂದ ಲೆಕ್ಕ 50ರ ಕೆಳಗೆ ಇಳಿಯಲೇ ಇಲ್ಲ, ಪಾಲು ಇನ್ನೂ ಕುಗ್ಗಿ 17ರಲ್ಲಿ ಕೂತಿತ್ತು. ಖಾತೆಗೆ ದಕ್ಕಿದ್ದು ಶೇ 6ರಷ್ಟು. ಹೀಗೆ ಫೆಬ್ರವರಿ 20ರಿಂದ ಏಪ್ರಿಲ್ 30ರವರೆಗೆ ನೋಡಿದರೆ ನಿಫ್ಟಿಯ ನಷ್ಟ ಶೇ 18, ಈ ವಿಧಾನದ ನಷ್ಟ ಶೇ 15. ಹೆಚ್ಚು ಲಾಭ ಬೇಕು ಅಂತ ಬಂದವರಿಗೆ ಈ ಮೂರು ಅಂಶ ಬಹಳ ಕಡಿಮೆ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಶೇ 20 ಬಿದ್ದಿದ್ದರೆ ಮಾರ್ಚ್ 24ರಂದು ನಾನು ಮಾರುತ್ತಿರಲಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. 2021ರಲ್ಲಿ ನಿಜವಾದ ಹಣದಿಂದ ಶುರು ಮಾಡಿದೆ.

ಮೂರು ವರ್ಷ ಹೇಳಿಕೊಳ್ಳುವಂಥ ತೊಂದರೆ ಇರಲಿಲ್ಲ. ನನ್ನ ಲೆಕ್ಕದ ಕುರುಡು ಜಾಗ ಕಂಡದ್ದು 2024ರ ಜೂನ್ 4ರಂದು, ಲೋಕಸಭೆ ಚುನಾವಣೆಯ ಎಣಿಕೆಯ ದಿನ.

ಮೇ 31ರ ಶುಕ್ರವಾರ ನನ್ನ ಶೀಟ್ ತೋರಿಸಿದ ಏರಿಳಿತ 10.6. 12ನ್ನು ಅದರಿಂದ ಭಾಗಿಸಿದರೆ ಒಂದಕ್ಕಿಂತ ಹೆಚ್ಚು, ಹಾಗಾಗಿ ಪೂರ್ತಿ ಶೇ 100 ನಿಫ್ಟಿಯಲ್ಲಿ. ಸೋಮವಾರ ಮತಗಟ್ಟೆ ಸಮೀಕ್ಷೆಗಳ ಹುರುಪಿನಲ್ಲಿ ನಿಫ್ಟಿ ಶೇ 3.25 ಏರಿತು. ಮಂಗಳವಾರ ಶೇ 5.93 ಬಿದ್ದು 21,884ಕ್ಕೆ ನಿಂತಿತು. ಗುರಿ ಶೇ 12 ಆದರೆ ದಿನಕ್ಕೆ ಸಾಧಾರಣವಾಗಿ ಶೇ 0.75 ಆಡಬೇಕು. ಅದರ ಎಂಟು ಪಟ್ಟು ಒಂದೇ ದಿನ ಹೋಗಿತ್ತು. ಬುಧವಾರದಿಂದಲೇ ಚೇತರಿಕೆ. ಶುಕ್ರವಾರಕ್ಕೆ 23,290, ಬಿದ್ದದ್ದೆಲ್ಲ ವಾಪಸ್. ಆದರೆ ಆ ಶುಕ್ರವಾರ ನನ್ನ ಶೀಟ್ ತೋರಿಸಿದ್ದು 29.6. ಜೂನ್ 10ರ ಸೋಮವಾರ ಪಾಲನ್ನು 41ಕ್ಕೆ ಇಳಿಸಿದೆ. ತಿಂಗಳ ಕೊನೆಗೆ ನಿಫ್ಟಿ 24,010. ಹೊರಗಿದ್ದ ಹಣಕ್ಕೆ ಆ ಶೇ 3ರ ಏರಿಕೆ ಸಿಗಲಿಲ್ಲ.

ಬೀಳುವಾಗ ಪೂರ್ತಿ ಒಳಗೆ, ಶಾಂತವಾದ ಮೇಲೆ ಅರ್ಧಕ್ಕಿಂತ ಹೆಚ್ಚು ಹೊರಗೆ. ಗುಂಪಾಗಿ ಬರುವ ಗಲಾಟೆಗೆ ಮಾಡಿದ ಲೆಕ್ಕ, ಒಂಟಿಯಾಗಿ ಬಂದು ಹೋಗುವ ಏಟಿನ ಮುಂದೆ ಎರಡು ಬಾರಿ ತಪ್ಪುತ್ತದೆ. ಚುನಾವಣೆಯ ಫಲಿತಾಂಶದ ದಿನಾಂಕ ಊರಿಗೆಲ್ಲ ಗೊತ್ತಿತ್ತು. ನನ್ನ ಸೂತ್ರಕ್ಕೆ ಮಾತ್ರ ಗೊತ್ತಿರಲಿಲ್ಲ, ಅದು ಹಿಂದಕ್ಕಷ್ಟೇ ನೋಡುತ್ತದೆ.

ಮುಂದಕ್ಕೆ ನೋಡುವ ಸಂಖ್ಯೆಯೊಂದು ಕಣ್ಣೆದುರೇ ಇತ್ತು: ಇಂಡಿಯಾ ವಿಕ್ಸ್. ನಿಫ್ಟಿ ಆಪ್ಷನ್‌ಗಳ ಬೆಲೆಯಿಂದ ತೆಗೆಯುವ ಈ ಸೂಚ್ಯಂಕ ಮುಂದಿನ 30 ದಿನಗಳ ಏರಿಳಿತದ ನಿರೀಕ್ಷೆಯನ್ನು ವಾರ್ಷಿಕ ಶೇಕಡಾದಲ್ಲೇ ಹೇಳುತ್ತದೆ, ಆದ್ದರಿಂದ ನನ್ನ D ಕಾಲಂ ಜೊತೆ ನೇರವಾಗಿ ಹೋಲಿಸಬಹುದು. ಮೇ 31ರಂದು ನನ್ನದು 10.6 ಇದ್ದಾಗ ವಿಕ್ಸ್ 24ರ ಮೇಲಿತ್ತು. ಜೂನ್ 7ರಂದು ನನ್ನದು 29.6 ಇದ್ದಾಗ ಅದು 17ರ ಸುತ್ತ ಇಳಿದಿತ್ತು. ಎರಡು ಶುಕ್ರವಾರವೂ ಅದು ನನಗಿಂತ ಸತ್ಯಕ್ಕೆ ಹತ್ತಿರವಿತ್ತು.

ಹಾಗಂತ ವಿಕ್ಸ್ ಒಂದನ್ನೇ ನೆಚ್ಚಿಕೊಳ್ಳಲು ನನಗೆ ಮನಸ್ಸಿಲ್ಲ. ಆಪ್ಷನ್ ಮಾರುವವರು ವಿಮೆಯ ಕಂತಿನಂತೆ ಸ್ವಲ್ಪ ಹೆಚ್ಚೇ ಕೇಳುತ್ತಾರೆ, ಆದ್ದರಿಂದ ಬಹುತೇಕ ಕಾಲ ಅದು ನಿಜವಾಗಿ ಆಗುವ ಏರಿಳಿತಕ್ಕಿಂತ ಮೇಲೆ ಇರುತ್ತದೆ. ಅದನ್ನೇ ಹಿಡಿದರೆ ವರ್ಷವಿಡೀ ಬೇಕಾದ್ದಕ್ಕಿಂತ ಕಡಿಮೆ ಹೂಡಿ ಕೂರಬೇಕಾಗುತ್ತದೆ. ಅಂದಿನಿಂದ ನನ್ನ ಲೆಕ್ಕ ಮತ್ತು ವಿಕ್ಸ್‌ನ ಸರಾಸರಿ ತೆಗೆದುಕೊಳ್ಳುತ್ತಿದ್ದೇನೆ. ಹೀಗೆ ಮಾಡಿದ್ದರೆ ಮೇ 31ರಂದು ಪಾಲು ಶೇ 70ರ ಹತ್ತಿರ, ಜೂನ್ 7ರಂದು ಶೇ 52. ಎಣಿಕೆಯ ದಿನದ ಏಟು ಶೇ 6ರ ಬದಲು 4 ಆಗುತ್ತಿತ್ತು. ಹಿಂದಿನ ದಿನದ ಏರಿಕೆಯಲ್ಲೂ ಅಷ್ಟೇ ಪ್ರಮಾಣ ಬಿಟ್ಟುಕೊಡಬೇಕಿತ್ತು ಅನ್ನುವುದನ್ನೂ ಸೇರಿಸಿಯೇ ಹೇಳಬೇಕು.

ಮಾರುವಾಗ ಎರಡು ಸಂಗತಿ ಗಮನಿಸುತ್ತೇನೆ. ಗಲಾಟೆಯ ದಿನ ಇಟಿಎಫ್‌ನ ಬೆಲೆ ಅದರ ಒಳಗಿನ ಷೇರುಗಳ ಮೌಲ್ಯದಿಂದ ದೂರ ಸರಿಯಬಹುದು, ಹಾಗಾಗಿ ಆ ಮೌಲ್ಯವನ್ನು ಹೇಳುವ, ಪರದೆಯ ಮೇಲಿನ `iNAV` ನೋಡಿ ನಾನೇ ಬೆಲೆ ನಿಗದಿ ಮಾಡುವ ಲಿಮಿಟ್ ಆರ್ಡರ್ ಹಾಕುತ್ತೇನೆ, ಮಾರ್ಕೆಟ್ ಆರ್ಡರ್ ಹಾಕುವುದಿಲ್ಲ. ಇನ್ನೊಂದು ತೆರಿಗೆ. 2024ರ ಜುಲೈ 23ರಿಂದ ಒಂದು ವರ್ಷದೊಳಗಿನ ಲಾಭಕ್ಕೆ ಶೇ 20, ವರ್ಷ ದಾಟಿದ್ದಕ್ಕೆ 1.25 ಲಕ್ಷದ ಮೇಲೆ ಶೇ 12.5. ಡಿಮ್ಯಾಟ್‌ನಲ್ಲಿ ಮೊದಲು ಕೊಂಡದ್ದೇ ಮೊದಲು ಮಾರಾಟವಾದಂತೆ ಲೆಕ್ಕವಾಗುವುದರಿಂದ ನನ್ನ ಮಾರಾಟಗಳಲ್ಲಿ ಹೆಚ್ಚಿನವು ಎರಡನೇ ಗುಂಪಿಗೆ ಬೀಳುತ್ತವೆ. ಪಾಲು ಇಳಿಸಬೇಕಾದಾಗ ಆ ತಿಂಗಳ ಹೊಸ ಉಳಿತಾಯವನ್ನು ಮೊದಲು ಲಿಕ್ವಿಡ್ ಬೀಸ್‌ಗೆ ಹಾಕುತ್ತೇನೆ. ಉಳಿದ ಅಂತರಕ್ಕೆ ಮಾತ್ರ ಮಾರುತ್ತೇನೆ.

ಆರು ತಿಂಗಳಿಗೊಮ್ಮೆ ನನ್ನ ಖಾತೆಯದೇ ದಿನದಿನದ ಏರಿಳಿತ ಅಳೆಯುತ್ತೇನೆ. ಪದೇ ಪದೇ 12ರ ಮೇಲೆ ಬಂದರೆ ಲೆಕ್ಕ ನಿಧಾನ ಅಂತ ಅರ್ಥ. ಶಾಂತ ಅವಧಿಗಳಲ್ಲಿ 9ಕ್ಕೋ 10ಕ್ಕೋ ಇಳಿಯುತ್ತದೆ. ಸಾಲ ಮಾಡದೆ ಅದನ್ನು 12ಕ್ಕೆ ಏರಿಸುವ ದಾರಿಯಿಲ್ಲ, ಫ್ಯೂಚರ್ಸ್ ಹಿಡಿದು ಏರಿಸುವ ಆಸೆಯೂ ನನಗಿಲ್ಲ.