ಬದಲಿಸಿದ ಸವಾರನ ಮೋಷನ್ ಬ್ಲರ್ ಹೊಂದಿಸಿದ್ದು ಹೀಗೆ

ರಸ್ತೆಯಲ್ಲಿ ಓಡುವ ಬೈಕ್ ಶಾಟ್. ಸ್ಟಂಟ್ ಸವಾರನ ಜಾಗಕ್ಕೆ ಗ್ರೀನ್ ಸ್ಕ್ರೀನ್‌ನಲ್ಲಿ ತೆಗೆದ ನಟನನ್ನು ನ್ಯೂಕ್‌ನಲ್ಲಿ ಕೂರಿಸಬೇಕಿತ್ತು. ರಸ್ತೆಯ ಶಾಟ್ ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ನಟನದು 1/200, ಅವನು ನಿಂತ ಬೈಕ್ ಮೇಲೆ ಕೂತಿದ್ದ. ಹಾಗಾಗಿ ಬೈಕ್ ಮಸುಕು, ಸವಾರ ಮಾತ್ರ ಕತ್ತರಿಸಿ ಅಂಟಿಸಿದಷ್ಟು ಚೂಪು.

ಡೈರೆಕ್ಷನಲ್ ಬ್ಲರ್ ಹಾಕಿದರೆ ಬೈಕ್ ವೇಗ ಬದಲಾದ ಕಡೆ ಹೊಂದಲಿಲ್ಲ. ನಟನ ಶಾಟ್‌ನಿಂದಲೇ ಚಲನೆ ಲೆಕ್ಕ ಹಾಕಿ ವೆಕ್ಟರ್ ಬ್ಲರ್ ಕೊಟ್ಟರೆ ಏನೂ ಸಿಗಲಿಲ್ಲ. ಅದರಲ್ಲಿ ಚಲನೆಯೇ ಇಲ್ಲ ಅಲ್ವಾ! ಎಲ್ಲ ಸೇರಿಸಿದ ಮೇಲೆ ಬ್ಲರ್ ಕೊಟ್ಟರೆ ರಸ್ತೆಗೆ ಎರಡು ಸಲ ಬ್ಲರ್ ಬೀಳುತ್ತದೆ.

ಕೆಲಸ ಮಾಡಿದ್ದು ಬೈಕಿನ ಟ್ರ್ಯಾಕ್‌ನಿಂದ ಬಂದ ಟ್ರಾನ್ಸ್‌ಫಾರ್ಮ್‌ನಲ್ಲೇ ಬ್ಲರ್ ಕೊಟ್ಟಿದ್ದು:

```
motionblur 1
shutter 0.5
shutteroffset centred
```

25 ಫ್ರೇಮ್‌ಗೆ 1/50 ಅಂದರೆ ಅರ್ಧ ಫ್ರೇಮ್, ಅದಕ್ಕೇ 0.5. ಬೈಕ್ ಫ್ರೇಮಿಗೆ 40 ಪಿಕ್ಸೆಲ್ ಓಡಿದರೆ ಹೆಡ್‌ಲೈಟಿನ ಗೆರೆ ಸುಮಾರು 20 ಪಿಕ್ಸೆಲ್ ಉದ್ದ ಇರಬೇಕು. ಅಳೆದು ನೋಡಿ.

ಮೂರನೇ ಸಾಲೇ ಮುಖ್ಯ. ಟ್ರ್ಯಾಕರ್ ಹಿಡಿಯುವುದು ಮಸುಕಾದ ಗೆರೆಯ ನಡುಭಾಗವನ್ನು. ಡಿಫಾಲ್ಟ್ `start` ಹಾಗೇ ಬಿಟ್ಟರೆ ಬ್ಲರ್ ಮುಂದಿನ ಅರ್ಧ ಫ್ರೇಮಿಗೆ ಬೀಳುತ್ತದೆ. ಸವಾರ ಸೀಟಿನಿಂದ 10 ಪಿಕ್ಸೆಲ್ ಮುಂದೆ ಜಾರಿದಂತೆ ಕಾಣುತ್ತಾನೆ. ಜಾಸ್ತಿ ವೇಗದಲ್ಲಿ ಜಾಸ್ತಿ ಜಾರುತ್ತಾನೆ, ಗುರುತು ಅದೇ.

ಕ್ರಮ: ಕೀ, ಪ್ರೀಮಲ್ಟ್, ಟ್ರಾನ್ಸ್‌ಫಾರ್ಮ್, ಮರ್ಜ್. ಎರಡು ಟ್ರಾನ್ಸ್‌ಫಾರ್ಮ್ ಇದ್ದರೆ ನಡುವೆ ಗ್ರೇಡ್ ಇಡಬೇಡಿ, ಕೊಂಡಿ ತಪ್ಪುತ್ತದೆ. ನಟನ ಮೇಲೆ ಗ್ರೇನ್ ಹಾಕುವುದು ಬ್ಲರ್ ಆದಮೇಲೆಯೇ. ಗಾಳಿಗೆ ಹಾರುವ ಶರ್ಟಿನ ಅಂಚಿಗೆ ಈ ವಿಧಾನ ಸಾಲದು. ಅದನ್ನು ಬೇರೆಯಾಗಿ ರೋಟೋ ಮಾಡಿ ಮಸುಕು ಮಾಡಿದೆ.