ಕಾಲುವೆ ಗೇಟಿನ ಮೇಲೆ ನೀರು ಎಷ್ಟು ಭಾರ ಹಾಕುತ್ತದೆ? ಟೇಪು ಹಿಡಿದು ಲೆಕ್ಕ ಹಾಕುವುದು ಹೀಗೆ

ಮುಧೋಳದ ಕಡೆ ಘಟಪ್ರಭಾ ಎಡದಂಡೆ ಕಾಲುವೆಯ ಗೇಟು ಎತ್ತುವ ಹಿರಿಯರೊಬ್ಬರ ಜೊತೆ ಒಂದು ಬೆಳಿಗ್ಗೆ ನಿಂತಿದ್ದೆ. ಅವರು ಹ್ಯಾಂಡಲ್ ಹಿಡಿದು, ಎರಡೂ ಕಾಲು ಗಟ್ಟಿಯಾಗಿ ಊರಿ ತಿರುಗಿಸುತ್ತಿದ್ದರು. "ಕಾಕಾ, ಭಾಳ ಬಿಗಿ ಐತೇನ್ರಿ?" ಅಂದೆ. "ಮೊದಲಿಗಷ್ಟ ಬಿಗಿ ತಮ್ಮಾ, ನೀರು ಹೊಂಟ ಮ್ಯಾಲ ತಾನ ಹಗುರ ಆಕ್ಕೈತಿ" ಅಂದರು.

ಅವರು ಹೇಳಿದ್ದು ನಿಜ. ಎಷ್ಟು ಹಗುರವಾಗುತ್ತದೆ ಅಂತ ನಾವೇ ಅಳೆದು ಲೆಕ್ಕ ಹಾಕಬಹುದು. ಬೇಕಾಗಿದ್ದು ಎರಡೇ ಅಳತೆ: ಗೇಟಿನ ಹಿಂದೆ ನೀರು ಎಷ್ಟು ಆಳ ನಿಂತಿದೆ, ಗೇಟು ದಾಟಿದ ಮೇಲೆ ಎಷ್ಟು ಆಳ ಓಡುತ್ತಿದೆ. ಮೊದಲನೆಯದನ್ನು y1, ಎರಡನೆಯದನ್ನು y2 ಅನ್ನೋಣ.

ಅಳೆಯುವಾಗ ನೀರಿಗೆ ಇಳಿಯಬೇಡಿ, ಕೋಲನ್ನೂ ಅದ್ದಬೇಡಿ. ಗೇಟಿನ ಕೆಳಗಿಂದ ಬರುವ ನೀರಿನ ವೇಗ ಎಷ್ಟಿರುತ್ತದೆ ಅಂತ ಮುಂದೆ ನೋಡಿದರೆ ಇದು ಯಾಕೆ ಅಂತ ಗೊತ್ತಾಗುತ್ತದೆ. ಕಾಲುವೆ ಬಂದ್ ಇದ್ದಾಗ ಗೇಟಿನ ಮೇಲಿನ ಕಟ್ಟೆಯ ಮೇಲೆ ಒಂದು ಗುರುತು ಮಾಡಿ, ಅಲ್ಲಿಂದ ಒಣ ತಳದವರೆಗೆ ಟೇಪು ಬಿಟ್ಟು ಬರೆದಿಟ್ಟುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಅದು 3.20 ಮೀಟರ್ ಅಂತ ಇಟ್ಟುಕೊಳ್ಳೋಣ. ನೀರು ಬಿಟ್ಟ ಮೇಲೆ ಅದೇ ಮಟ್ಟದಿಂದ ತೂಕ ಕಟ್ಟಿದ ಟೇಪನ್ನು ನೀರಿನ ಮೇಲ್ಮೈ ಮುಟ್ಟುವಷ್ಟು ಮಾತ್ರ ಇಳಿಸಿ. ಹಿಂದೆ 1.20 ಬಂತು, ಮುಂದೆ 2.95 ಬಂತು. ಕಳೆದರೆ y1 2.00 ಮೀಟರ್, y2 0.25 ಮೀಟರ್.

ಎಲ್ಲಿ ಅಳೆಯಬೇಕು ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. y1 ಅನ್ನು ಗೇಟಿಗೆ ತಾಗಿಕೊಂಡೇ ಅಳೆಯಬೇಡಿ, ಸ್ವಲ್ಪ ಹಿಂದೆ ಸರಿದು ನೀರು ಸಮವಾಗಿರುವಲ್ಲಿ ಅಳೆಯಿರಿ. y2 ವಿಷಯ ಇನ್ನೂ ನಾಜೂಕು. ಗೇಟಿನ ಕೆಳತುದಿ ದಾಟಿದ ನೀರು ತಕ್ಷಣ ಸಮವಾಗುವುದಿಲ್ಲ. ಮೇಲಿನಿಂದ ಇಳಿದು ಬಂದ ನೀರಿಗೆ ಒಂದೇ ಸಲ ಅಡ್ಡಕ್ಕೆ ತಿರುಗಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಅದು ಇನ್ನಷ್ಟು ಕುಗ್ಗಿ, ಗೇಟು ತೆರೆದ ಎತ್ತರದ ಒಂದೆರಡು ಪಟ್ಟು ದೂರ ಹೋದ ಮೇಲೆ ಅತಿ ತೆಳುವಾಗುತ್ತದೆ. ಅಲ್ಲಿ ನೀರು ಗಾಜಿನ ಹಾಳೆಯ ಹಾಗೆ ನಯವಾಗಿ ಕಾಣುತ್ತದೆ. ಅದೇ ಜಾಗದ ಆಳ ಬೇಕು. ಕೆಳತುದಿ ಚೂಪಾಗಿದ್ದರೆ ಅದು ತೆರೆದ ಎತ್ತರದ ಸುಮಾರು 0.61 ಪಟ್ಟು ಇರುತ್ತದೆ. ನಮ್ಮ ಗೇಟು 41 ಸೆಂಟಿಮೀಟರ್ ತೆರೆದಿದೆ, ನೀರು 25 ಸೆಂಟಿಮೀಟರ್ ಇದೆ. ಹೊಂದಿತು. ತುದಿ ಸವೆದು ದುಂಡಗಾಗಿದ್ದರೆ ಈ 0.61 ನಂಬಬೇಡಿ, ಟೇಪನ್ನೇ ನಂಬಿ.

ಈಗ ಎಷ್ಟು ನೀರು ಹೋಗುತ್ತಿದೆ ನೋಡೋಣ. ಹಿಂದೆ ಆಳವಾಗಿ ನಿಧಾನಕ್ಕಿದ್ದ ನೀರು ಮುಂದೆ ತೆಳುವಾಗಿ ಜೋರಾಗಿ ಓಡುತ್ತದೆ. ಇಷ್ಟು ಕಡಿಮೆ ದೂರದಲ್ಲಿ ಶಕ್ತಿ ಹೆಚ್ಚೇನೂ ಪೋಲಾಗುವುದಿಲ್ಲ. ಆಳ ಎಷ್ಟು ಕಡಿಮೆಯಾಯಿತೋ ಅದೆಲ್ಲ ವೇಗವಾಗಿ ಬದಲಾಗುತ್ತದೆ. ಇದರಿಂದ ಬರುವ ಸೂತ್ರ:

q = y1 × y2 × √( 2g / (y1 + y2) )

ಇದು ಒಂದು ಮೀಟರ್ ಅಗಲಕ್ಕೆ. ನಮ್ಮ ಅಳತೆ ಹಾಕಿ, g ಗೆ 9.81 ಇಟ್ಟರೆ ಸೆಕೆಂಡಿಗೆ 1.48 ಘನ ಮೀಟರ್. ಗೇಟು 2 ಮೀಟರ್ ಅಗಲ ಇದ್ದರೆ 2.95, ಅಂದರೆ ನಮ್ಮ ಕಡೆ ಎಲ್ಲರೂ ಹೇಳುವ ಲೆಕ್ಕದಲ್ಲಿ 104 ಕ್ಯೂಸೆಕ್. ಒಂದು ಮೀಟರ್ ಅಗಲದ 1.48 ಅನ್ನು ಆಳದಿಂದ ಭಾಗಿಸಿದರೆ ವೇಗ ಸಿಗುತ್ತದೆ. ಹಿಂದೆ ಸೆಕೆಂಡಿಗೆ 0.74 ಮೀಟರ್, ಮುಂದೆ 5.9 ಮೀಟರ್. ಗಂಟೆಗೆ 21 ಕಿಲೋಮೀಟರ್! ಅದರಲ್ಲಿ ಕಾಲಿಟ್ಟವರು ನಿಲ್ಲುವ ಮಾತೇ ಇಲ್ಲ.

ಇನ್ನು ಭಾರದ ಲೆಕ್ಕ. ಗೇಟು ಪೂರ್ತಿ ಮುಚ್ಚಿದ್ದಾಗ ಇದು ಸುಲಭ. ಮೇಲೆ ಸೊನ್ನೆ, ತಳದಲ್ಲಿ ಪೂರ್ತಿ ಒತ್ತಡ, ಸರಾಸರಿ ಅರ್ಧ. 2 ಮೀಟರ್ ಆಳಕ್ಕೆ ಪ್ರತಿ ಮೀಟರ್ ಅಗಲದ ಮೇಲೆ 2000 ಕೆಜಿ ಭಾರದಷ್ಟು ತಳ್ಳು. ತೆರೆದ ಮೇಲೆ ಹೀಗೆ ಯೋಚಿಸಿ: ಗೇಟಿನ ಹಿಂದಿನಿಂದ ಮುಂದಿನವರೆಗಿನ ನೀರನ್ನೆಲ್ಲ ಒಂದು ಗಂಟಿನ ಹಾಗೆ ಹಿಡಿದುಕೊಳ್ಳಿ. ಹಿಂದಿನ ನೀರು ಅದನ್ನು 2000 ಕೆಜಿಯಷ್ಟು ಮುಂದಕ್ಕೆ ದೂಡುತ್ತದೆ. ಮುಂದಿನ ತೆಳು ನೀರು 31 ಕೆಜಿಯಷ್ಟು ಮಾತ್ರ ಹಿಂದಕ್ಕೆ ಒತ್ತುತ್ತದೆ. ಉಳಿದ ತಳ್ಳಿನಲ್ಲಿ ಒಂದು ಪಾಲು ನೀರಿನ ವೇಗವನ್ನು 0.74 ರಿಂದ 5.9ಕ್ಕೆ ಏರಿಸಲು ಖರ್ಚಾಗುತ್ತದೆ. ಸೆಕೆಂಡಿಗೆ 1476 ಕೆಜಿ ನೀರು, ವೇಗದ ಏರಿಕೆ 5.17. ಗುಣಿಸಿ 9.81ರಿಂದ ಭಾಗಿಸಿದರೆ 778 ಕೆಜಿ. ಮಿಕ್ಕಿದ್ದೇ ಗೇಟಿನ ಮೇಲೆ ಬೀಳುವುದು: 2000ರಲ್ಲಿ 31, 778 ಕಳೆದರೆ 1191 ಕೆಜಿ.

ಇಷ್ಟೆಲ್ಲ ಬೇಡ ಅಂದರೆ ನೇರ ದಾರಿ ಇದೆ. ಆಳ ಮೀಟರಿನಲ್ಲಿರಲಿ, ಉತ್ತರ ಮೀಟರ್ ಅಗಲಕ್ಕೆ ಕೆಜಿಯಲ್ಲಿ ಬರುತ್ತದೆ:

F = 500 × (y1 − y2)³ / (y1 + y2)

ಹಾಕಿ ನೋಡಿ, ಅದೇ 1191. ನಮ್ಮ 2 ಮೀಟರ್ ಗೇಟಿಗೆ ಸುಮಾರು 2380 ಕೆಜಿ. ಮುಚ್ಚಿದ್ದಾಗ 4000 ಇತ್ತು. ಗೇಟಿನ ಕಬ್ಬಿಣದ ಹಲಗೆ ಕಬ್ಬಿಣದ ತೋಡಿನಲ್ಲಿ ಉಜ್ಜುವಾಗ ಈ ಭಾರದ 0.4 ಪಾಲು ತಡೆ ಅಂತ ಹಿಡಿದರೆ, ಮೊದಲ ಸುತ್ತಿಗೆ ಹಲಗೆಯ ತೂಕದ ಜೊತೆ 1600 ಕೆಜಿ ಎಳೆತ ಬೇಕು. ಇಷ್ಟು ತೆರೆದ ಮೇಲೆ 950 ಸಾಕು. ಕಾಕಾ ಕೈಗೆ ಗೊತ್ತಾಗಿದ್ದು ಇದೇ.

"ಹಲಗೆಯ ಹಿಂದೆ ನಿಂತ ನೀರಿನ ಆಳದಿಂದಲೇ ಭಾರ ಹಾಕಿದರಾಗದಾ?" ಅಂತ ಕೇಳುತ್ತಾರೆ. ಹಲಗೆ ನೀರಿನಲ್ಲಿ 1.59 ಮೀಟರ್ ಮುಳುಗಿದೆ. ಸುಮ್ನೆ ನಿಂತ ನೀರು ಅಂತ ಲೆಕ್ಕ ಹಾಕಿದರೆ 1264 ಕೆಜಿ ಬರುತ್ತದೆ. ಇದು ಸ್ವಲ್ಪ ಜಾಸ್ತಿ, ಯಾಕೆಂದರೆ ಕೆಳತುದಿಯಲ್ಲಿ ನೀರು ಗಾಳಿಗೆ ತೆರೆದುಕೊಳ್ಳುವುದರಿಂದ ಅಲ್ಲಿ ಒತ್ತಡ ಸೊನ್ನೆಗೆ ಇಳಿಯುತ್ತದೆ. ಗೇಟಿನ ಗಟ್ಟಿತನ ನೋಡುವುದಕ್ಕೆ ಇದು ಕೆಟ್ಟ ಲೆಕ್ಕವಲ್ಲ. ನಿಜವಾಗಿ ಕೆಡುವುದು y2 ಜಾಗದಲ್ಲಿ ಗೇಟು ತೆರೆದ 0.41 ಅನ್ನೇ ಹಾಕಿದಾಗ. ಆಗ ನೀರು 104 ಕ್ಯೂಸೆಕ್ ಬದಲು 165 ಬರುತ್ತದೆ, ಭಾರ 1191 ಬದಲು 834 ಆಗುತ್ತದೆ. ನಾನೂ ಮೊದಲ ಸಲ ಇದೇ ತಪ್ಪು ಮಾಡಿ, ಇಷ್ಟು ನೀರು ಕಾಲುವೆಗೆ ಎಲ್ಲಿಂದ ಬಂತು ಅಂತ ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೆ.

ಎರಡೂ ಸೂತ್ರಕ್ಕೆ ಒಂದು ಗಡಿ ಇದೆ. ಗೇಟಿನ ಎರಡೂ ಕಡೆ ತಳದ ಮಟ್ಟ ಮತ್ತು ಅಗಲ ಒಂದೇ ಇರಬೇಕು, ಮುಂದಿನ ನೀರು ತಡೆಯಿಲ್ಲದೆ ಹೊರಬರಬೇಕು. ತೆಳು ನೀರು ಸ್ವಲ್ಪ ದೂರ ಓಡಿ, ಬಿಳಿ ನೊರೆಯ ಸುರುಳಿಯಾಗಿ ಎದ್ದು ನಿಧಾನವಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಮುಂದಿನ ಕಾಲುವೆಯ ನೀರು 1.21 ಮೀಟರ್ ದಾಟಿದರೆ ಆ ಸುರುಳಿ ಹಿಂದೆ ಸರಿಯುತ್ತಾ ಬಂದು ಗೇಟನ್ನೇ ಮುಚ್ಚುತ್ತದೆ. ಮುಂದೆ ಕಸ ಕಟ್ಟಿಕೊಂಡರೆ, ಅಥವಾ ಕೆಳಗಿನ ಗೇಟು ಮುಚ್ಚಿದರೆ ಹೀಗಾಗುತ್ತದೆ. ಆಗ ಗಾಜಿನ ಹಾಳೆ ಕಾಣುವುದಿಲ್ಲ, ಹಲಗೆಗೆ ತಾಗಿಕೊಂಡೇ ನೊರೆ ಕುದಿಯುತ್ತಿರುತ್ತದೆ. ಹಾಗೆ ಕಂಡ ದಿನ ಟೇಪು ಸುತ್ತಿಡಿ. ನೊರೆ ಗೇಟಿನಿಂದ ದೂರ ಸರಿದು, ನಯವಾದ ನೀರು ಮತ್ತೆ ಕಾಣಿಸಿದ ಮೇಲೆ ಅಳೆಯಿರಿ.