ಮಾರ್ಚ್ 8ರ ಆಫರ್: ಸ್ಕೂಟರ್ ಸರ್ವಿಸ್ ಅಂಗಡಿಗೆ ನಾನು ಬರೆಯುವ ರೀತಿ

ಮಹಿಳಾ ದಿನದ ಆಫರ್ ಬರೆಯಲು ಕೂತಾಗ ನಾನು ಮೊದಲು ಬರೆಯುವುದು ಬೆಲೆಯ ಸಾಲು. ಶುಭಾಶಯ ಇರಬೇಕೋ ಬೇಡವೋ ಅನ್ನುವುದು ಕೊನೆಯ ಪ್ರಶ್ನೆ. ಶುಭಾಶಯದಿಂದ ಶುರುಮಾಡಿದರೆ 'ತಾಯಿಯಾಗಿ, ಮಡದಿಯಾಗಿ, ತಂಗಿಯಾಗಿ' ಎಂಬ ಸಾಲು ತಾನಾಗಿಯೇ ಬಂದು ಕೂರುತ್ತದೆ. ಆಮೇಲೆ ಅದಕ್ಕೆ ತಕ್ಕ ಆಫರ್ ಹುಡುಕುತ್ತಾ ಹೋದರೆ ಕುಕ್ಕರ್, ಮಿಕ್ಸರ್, ಗುಲಾಬಿ ಬಣ್ಣದ ಪೋಸ್ಟರ್ ಇವೇ ಸಿಗುವುದು. 2022ರ ಮಾರ್ಚ್ 8ರಂದು ಫ್ಲಿಪ್‌ಕಾರ್ಟ್ ಕಳಿಸಿದ ಸಂದೇಶ ಹಲವರಿಗೆ ನೆನಪಿರಬಹುದು: ನಿಮ್ಮನ್ನು ಸಂಭ್ರಮಿಸೋಣ ಎಂದು ಹೇಳಿ, ಅದರ ಬೆನ್ನಿಗೇ 299 ರೂಪಾಯಿಯಿಂದ ಅಡುಗೆಮನೆ ಉಪಕರಣ ಎಂದಿತ್ತು. ಟೀಕೆ ಬಂದ ಮೇಲೆ ಕಂಪನಿ ಕ್ಷಮೆ ಕೇಳಿತು. ಆ ಸಂದೇಶದ ಎರಡು ಸಾಲುಗಳಲ್ಲಿ ಯಾವುದನ್ನೂ ಬಿಡಿಯಾಗಿ ಓದಿದರೆ ಅಂಥ ತಪ್ಪೇನೂ ಕಾಣುವುದಿಲ್ಲ. ಪಕ್ಕಪಕ್ಕ ಇಟ್ಟಾಗಲೇ ಒಂದು ಸಾಲು ಇನ್ನೊಂದರ ಬಣ್ಣ ಬಯಲು ಮಾಡಿತು.

ಇಲ್ಲಿ ಹೇಳುವುದು ದ್ವಿಚಕ್ರ ವಾಹನಗಳ ಸಣ್ಣ ಸರ್ವಿಸ್ ಅಂಗಡಿಯ ಆಫರ್ ಬಗ್ಗೆ. ಸ್ಕೂಟರ್ ಓಡಿಸುವ ಹೆಂಗಸರು ಊರ ತುಂಬ ಇದ್ದರೂ, ಸರ್ವಿಸ್ ಕೌಂಟರಿನಲ್ಲಿ ಅವರ ಜತೆ ನಡೆಯುವ ಮಾತು ಬೇರೆಯೇ. "ಮೇಡಂ, ಬೆಲ್ಟ್ ಹೋಗಿದೆ. ನಿಮ್ಮ ಯಜಮಾನ್ರಿಗೆ ಒಂದು ಫೋನ್ ಮಾಡಿ, ನಾನೇ ಹೇಳ್ತೀನಿ." ಈ ಮಾತು ಅಲ್ಲಿ ಹಾಗೇ ಇರುವಾಗ ಪೋಸ್ಟರಿನಲ್ಲಿ ಎಷ್ಟು ಗೌರವ ಬರೆದರೂ ದಂಡ. ಹಾಗಾಗಿ ಆಫರಿನಲ್ಲಿ ಎರಡು ಸಂಗತಿ ಸೇರಿಸುತ್ತೇನೆ. ಒಂದು, ಲೇಬರ್ ಚಾರ್ಜಿನಲ್ಲಿ ಕಡಿತ. ಇನ್ನೊಂದು, ಎಸ್ಟಿಮೇಟ್ ಬರೆದುಕೊಟ್ಟು, ಗಾಡಿ ತಂದವರು ಒಪ್ಪಿದ ಮೇಲಷ್ಟೇ ಕೆಲಸ, ಬದಲಿಸಿದ ಹಳೆಯ ಭಾಗ ಅವರ ಕೈಗೆ. ನಿಜವಾಗಿ ಬೆಲೆ ಬಾಳುವುದು ಎರಡನೆಯದು. ಅಂಗಡಿಯವರಿಗೆ ಅದಕ್ಕೆ ಖರ್ಚೂ ಇಲ್ಲ, ಆದರೆ ಒಪ್ಪಿಸುವುದು ಕಷ್ಟ.

ಕಡಿತವನ್ನು ಶೇಕಡಾವಾರಿನಲ್ಲಿ ಬರೆಯುವುದಿಲ್ಲ, ರೂಪಾಯಿಯಲ್ಲಿ ಬರೆಯುತ್ತೇನೆ. ಲೇಬರ್ 400 ರೂಪಾಯಿ ಇದ್ದು ಶೇ. 25 ಬಿಟ್ಟರೆ 300. ಬಿಲ್ಲಿನಲ್ಲಿ ಕಡಿತವನ್ನು ತೆರಿಗೆಗೆ ಮುಂಚೆ ತೋರಿಸಿದರೆ ಶೇ. 18ರ ಜಿಎಸ್‌ಟಿ 72ರಿಂದ 54ಕ್ಕೆ ಇಳಿಯುತ್ತದೆ, ಗ್ರಾಹಕರಿಗೆ ಒಟ್ಟು 118 ರೂಪಾಯಿ ಉಳಿಯುತ್ತದೆ. 'ಶೇ. 25ರವರೆಗೆ' ಎಂದು ಬರೆದರೆ ಕೌಂಟರಿನಲ್ಲಿ ವಾದ ಶುರುವಾಗುವುದು ಆ 'ವರೆಗೆ' ಮೇಲೆಯೇ. ಆಯಿಲ್, ಬ್ರೇಕ್ ಶೂ, ಬೆಲ್ಟುಗಳಿಗೆ ಕಡಿತ ಇಲ್ಲ ಎನ್ನುವುದನ್ನೂ ಬೆಲೆಯ ಕೆಳಗೇ, ಅದೇ ಗಾತ್ರದ ಅಕ್ಷರದಲ್ಲಿ ಹಾಕಿಸುತ್ತೇನೆ. ಫೆಬ್ರುವರಿಯಲ್ಲಿ ಲೇಬರ್ ಏರಿಸಿ ಮಾರ್ಚಿನಲ್ಲಿ ಇಳಿಸುವ ಜಾಣತನ ಬೇಡ. ಹಳೆಯ ಬಿಲ್ ಎಲ್ಲರ ಸ್ಕೂಟರಿನ ಡಿಕ್ಕಿಯಲ್ಲೇ ಇರುತ್ತದೆ.

ಬೆಲೆ ಕೂತ ಮೇಲೆ ಮಾತಿನ ಶೋಧನೆ. ನನ್ನ ಪರೀಕ್ಷೆ ಸರಳ: 'ಮಹಿಳೆಯರು' ಇರುವ ಕಡೆ 'ಗಂಡಸರು' ಎಂದು ಹಾಕಿ ಗಟ್ಟಿಯಾಗಿ ಓದುವುದು. 'ಸ್ಕೂಟರ್ ತರುವ ಗಂಡಸರಿಗೆ ಲೇಬರ್ ₹300' ಎಂದರೆ ನಗು ಬರುವುದಿಲ್ಲ, ಸಾಲು ಪಾಸು. 'ಮನೆಯ ದೀಪವಾಗಿರುವ ಗಂಡಸರೇ, ಈಗ ನೀವೂ ನಿಶ್ಚಿಂತೆಯಿಂದ ಗಾಡಿ ಓಡಿಸಿ' ಎಂದರೆ ನಗು ಬರುತ್ತದೆ, ಹೊಡೆದುಹಾಕಬೇಕು. ಈ ಪರೀಕ್ಷೆಯಲ್ಲಿ ಹೆಚ್ಚು ಸಿಕ್ಕಿಬೀಳುವುದು ದೊಡ್ಡ ವಿಶೇಷಣಗಳಲ್ಲ, ಪದದ ತುದಿಯ 'ಊ'. 'ಮಹಿಳೆಯರಿಗೂ ಅರ್ಥವಾಗುವಂತೆ ವಿವರಿಸುತ್ತೇವೆ', 'ನೀವೂ ಓಡಿಸಬಲ್ಲಿರಿ'. ಬರೆದವರಿಗೆ ಅದು ಪ್ರೋತ್ಸಾಹ. ಹತ್ತು ವರ್ಷದಿಂದ ದಿನಾ ಆಫೀಸಿಗೆ ಗಾಡಿಯಲ್ಲೇ ಹೋಗುವವರಿಗೆ ಅದು ಹೇಗೆ ಕೇಳಿಸೀತು? 'ಅಬಲೆಯಲ್ಲ, ಸಬಲೆ' ಕೂಡ ಇದೇ ಜಾತಿ: ಇಲ್ಲದ ಅನುಮಾನವನ್ನು ತಾನೇ ಎತ್ತಿ ತಾನೇ ಪರಿಹರಿಸುತ್ತದೆ. 'ಉಡುಗೊರೆ', 'ಬಾಗಿನ', 'ಕಾಣಿಕೆ' ಬಳಸುವುದಿಲ್ಲ. ದುಡ್ಡು ಕೊಟ್ಟು ಸರ್ವಿಸ್ ಮಾಡಿಸಿಕೊಳ್ಳುವವರಿಗೆ ಯಾರೂ ಏನೂ ದಾನ ಮಾಡುತ್ತಿಲ್ಲ. ರಿಯಾಯಿತಿ ಎಂದರೆ ಸಾಕು.

ಆಫರ್ ಯಾರಿಗೆ ಅನ್ನುವುದು ತೊಡಕಿನ ಭಾಗ. ಎಷ್ಟೋ ಸ್ಕೂಟರುಗಳ ಆರ್‌ಸಿ ಗಂಡನ ಅಥವಾ ಅಪ್ಪನ ಹೆಸರಿನಲ್ಲಿರುತ್ತದೆ, ಅಂಗಡಿಯ ರಿಜಿಸ್ಟರಿನಲ್ಲಿರುವ ಮೊಬೈಲ್ ನಂಬರೂ ಅವರದೇ. 'ಮಹಿಳಾ ಮಾಲೀಕರಿಗೆ' ಎಂದು ಬರೆದರೆ ದಿನಾ ಓಡಿಸುವವರೇ ಹೊರಗುಳಿಯುತ್ತಾರೆ. 'ನಿಮ್ಮ ಪತ್ನಿಗೆ ತಿಳಿಸಿ' ಎಂದರೆ ಅದೇ ಹಳೆಯ ಫೋನ್ ಕಾಲ್ ಮತ್ತೆ ಬಂದಂತೆ. ಆದ್ದರಿಂದ ಷರತ್ತು ಒಂದೇ: ಸ್ಕೂಟರ್ ತರುವ ಮಹಿಳೆಗೆ, ಆರ್‌ಸಿ ಯಾರ ಹೆಸರಲ್ಲಿದ್ದರೂ. ಗುರುತಿನ ಚೀಟಿ ಕೇಳುವ ಪ್ರಮೇಯವೇ ಇಲ್ಲ. ಮಾರ್ಚ್ 8ಕ್ಕೆ ಮಾತ್ರ ಎಂದಿಟ್ಟರೆ ಕೆಲಸಕ್ಕೆ ಹೋಗುವವರು ಬರಲಾರರು, ಬಂದವರಿಗೂ ರ‍್ಯಾಂಪ್ ಖಾಲಿ ಇರುವುದಿಲ್ಲ. 8ರಿಂದ 15ರವರೆಗೆ ಇಟ್ಟರೆ ಹೇಗೂ ಒಂದು ಭಾನುವಾರ ಒಳಗೆ ಸಿಗುತ್ತದೆ.

ಎಸ್‌ಎಂಎಸ್‌ಗೆ ಕನ್ನಡದಲ್ಲಿ ಜಾಗ ಕಡಿಮೆ. ಒಂದೇ ಸಂದೇಶವಾದರೆ 70 ಅಕ್ಷರ. ಉದ್ದವಾಗಿ ಭಾಗವಾದರೆ ಒಂದೊಂದಕ್ಕೆ 67. ಕಾಗುಣಿತದ ಚಿಹ್ನೆ, ಅರ್ಧಾಕ್ಷರ ಎಲ್ಲವೂ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ 'ಸ್ಕೂಟರ್' ಅಲ್ಲಿ ಏಳು. ಒಂದು ಲೆಕ್ಕಕ್ಕೆ ಇದು ಒಳ್ಳೆಯದೇ, ಹೊಗಳಿಕೆಗೆ ಜಾಗವೇ ಉಳಿಯುವುದಿಲ್ಲ. ನಾನು ಕಳಿಸುವ ಪಠ್ಯ ಹೀಗಿರುತ್ತದೆ:

```
ಮಾ.8-15: ಸ್ಕೂಟರ್ ಸರ್ವಿಸ್ ಲೇಬರ್ ₹400 ಬದಲು ₹300. ಎಸ್ಟಿಮೇಟ್ ಬರೆದುಕೊಟ್ಟು, ನೀವು ಒಪ್ಪಿದ ಮೇಲೆ ಕೆಲಸ. ಸ್ಕೂಟರ್ ತರುವ ಮಹಿಳೆಯರಿಗೆ, ಆರ್‌ಸಿ ಯಾರ ಹೆಸರಲ್ಲಿದ್ದರೂ.
```

ಇದು ಎರಡು ಭಾಗದ 134ನ್ನು ದಾಟುತ್ತದೆ. ಹೇಗೂ ಮೂರನೆಯ ಭಾಗಕ್ಕೆ ದುಡ್ಡು ಕೊಡಬೇಕಾದ್ದರಿಂದ ಅಂಗಡಿಯ ಹೆಸರು, ಫೋನ್ ನಂಬರ್ ಅಲ್ಲೇ ಹಿಡಿಸುತ್ತೇನೆ. 201ರ ಒಳಗೆ ಮುಗಿಯಬೇಕು. ಬೆಲೆ ಮೊದಲ ಸಾಲಿನಲ್ಲೇ ಇರುವುದರಿಂದ ಸಂದೇಶ ತೆರೆಯದೆಯೂ ವಿಷಯ ತಿಳಿಯುತ್ತದೆ. ವ್ಯಾಪಾರದ ಎಸ್‌ಎಂಎಸ್‌ಗಳನ್ನು ನೋಂದಾಯಿಸುವ ಡಿಎಲ್‌ಟಿ ವ್ಯವಸ್ಥೆಯಲ್ಲಿ ಈ ಟೆಂಪ್ಲೇಟಿಗೆ ಮುಂಚೆಯೇ ಒಪ್ಪಿಗೆ ಪಡೆದಿರಬೇಕು, ಒಪ್ಪಿಗೆಯಾದ ಮೇಲೆ ಒಂದು ಪದ ಬದಲಿಸಿದರೂ ಸಂದೇಶ ಹೋಗುವುದಿಲ್ಲ. ಹಿಂದಿನ ದಿನ ಸಂಜೆ 'ಒಂದು ಹ್ಯಾಪಿ ವಿಮೆನ್ಸ್ ಡೇ ಸೇರಿಸಿ' ಎಂದು ಅಂಗಡಿಯವರು ಫೋನ್ ಮಾಡಿದಾಗ ಈ ನಿಯಮ ನನ್ನ ಕೈಹಿಡಿಯುತ್ತದೆ. ಆಚರಣೆಯ ಹೆಸರು ಪೋಸ್ಟರಿನ ಕೆಳಗೆ ಒಂದೇ ಸಾಲಿನಲ್ಲಿ ಬರುತ್ತದೆ: 'ಅಂತರರಾಷ್ಟ್ರೀಯ ಮಹಿಳಾ ದಿನದ ವಾರ'.

ಕೌಂಟರಿನವರಿಗೆ ಮೂರು ಮಾತು ಬರೆದು ಅಂಟಿಸುತ್ತೇನೆ. ಗಾಡಿ ತಂದವರನ್ನೇ ತೊಂದರೆ ಏನೆಂದು ಕೇಳಿ. ಜತೆಗೆ ಗಂಡಸರು ಬಂದಿದ್ದರೂ ಎಸ್ಟಿಮೇಟ್ ಚೀಟಿಯನ್ನು ಗಾಡಿ ಓಡಿಸುವವರ ಕೈಗೆ ಕೊಡಿ. 'ಬೆಲ್ಟ್ ಹೋಗಿದೆ' ಎನ್ನುವ ಬದಲು ಕವರ್ ಬಿಚ್ಚಿ ಬೆಲ್ಟಿನ ಬಿರುಕು ತೋರಿಸಿ, ಇನ್ನೂ ಸ್ವಲ್ಪ ದಿನ ಓಡುವಂತಿದ್ದರೆ ಹಾಗೆಂದೇ ಹೇಳಿ. ಸಾಮಾನ್ಯವಾಗಿ ಮರೆಯುವುದು ಎರಡನೆಯದನ್ನು. ಕೈ ಅಭ್ಯಾಸಬಲದಿಂದ ಗಂಡಸಿನ ಕಡೆಗೇ ಚಾಚುತ್ತದೆ.

ಅರಿಸಿನ ಕುಂಕುಮ, ಬಳೆ, ಗುಲಾಬಿ ಹೂವು ಕೊಡೋಣ ಎಂಬ ಸಲಹೆ ಪ್ರತಿ ಸಲವೂ ಬರುತ್ತದೆ. ಬೇಡ ಅನ್ನುತ್ತೇನೆ. ಕುಂಕುಮದ ಬಟ್ಟಲು ಹಿಡಿದು ನಿಂತವರು ಮುಂದೆ ಬಂದವರ ಹಣೆ ನೋಡಿ ಕೊಡಬೇಕೋ ಬೇಡವೋ ಎಂದು ಒಂದು ಗಳಿಗೆ ತಡೆಯುತ್ತಾರೆ. ಗಂಡನನ್ನು ಕಳೆದುಕೊಂಡವರಿಗೆ, ಕುಂಕುಮ ಇಡದ ಮನೆತನದವರಿಗೆ ಆ ತಡೆಯೇ ಸಾಕು, ಮತ್ತೆ ಆ ಅಂಗಡಿಗೆ ಬರಲಾರರು. ಏನಾದರೂ ಕೊಡಲೇಬೇಕೆಂದಿದ್ದರೆ ಟೈರಿನ ಗಾಳಿ ಒತ್ತಡ, ಮುಂದಿನ ಆಯಿಲ್ ಬದಲಿಸಬೇಕಾದ ಕಿಲೋಮೀಟರ್ ಬರೆದ ಸ್ಟಿಕ್ಕರ್ ಡಿಕ್ಕಿಯ ಮುಚ್ಚಳದ ಒಳಗೆ ಅಂಟಿಸಿಕೊಡಲಿ. ಅದನ್ನು ಗಂಡಸರ ಗಾಡಿಗೂ ಅಂಟಿಸಲಿ.

15ರ ರಾತ್ರಿ ಪೋಸ್ಟರ್ ಇಳಿಸಿ 16ರಿಂದ ಲೇಬರ್ ಮತ್ತೆ 400 ಮಾಡಬಹುದು. ಎಸ್ಟಿಮೇಟ್ ಚೀಟಿಯನ್ನು ಮಾತ್ರ ನಿಲ್ಲಿಸಬಾರದು ಎಂದು ಮೊದಲೇ ಮಾತಾಡಿಕೊಂಡಿರುತ್ತೇನೆ, ಒಪ್ಪದ ಅಂಗಡಿಗೆ ಆ ಸಾಲನ್ನು ಸಂದೇಶದಲ್ಲಿ ಬರೆಯುವುದೇ ಇಲ್ಲ. ಜತೆಗೆ ಆ ವಾರ ಬಂದವರನ್ನೆಲ್ಲ ಕೇಳಿ, ಒಪ್ಪಿದರೆ, ರಿಜಿಸ್ಟರಿನಲ್ಲಿ 'ಮಾಲೀಕರ ನಂಬರ್' ಪಕ್ಕ 'ಓಡಿಸುವವರ ನಂಬರ್' ಎಂಬ ಇನ್ನೊಂದು ಕಾಲಂ ತುಂಬಿಸಿಕೊಳ್ಳಬೇಕು. ಮುಂದಿನ ಸರ್ವಿಸಿನ ನೆನಪೋಲೆ ಆ ನಂಬರಿಗೆ ಹೋಗುತ್ತದೆ.